ಎಂಜಿನ್ ಎಣಿಸುವ ನಮ್ಮ ದೊಡ್ಡಮ್ಮ

ಮಗನ ಮನೆಗೆ ಅಮೆರಿಕಕ್ಕೆ ಹೊರಟಿದ್ದ ದೊಡ್ಡಮ್ಮ ಟಿಕೆಟ್ ನೋಡಿ ಕೇಳಿದ್ದು ಒಂದೇ ಮಾತು. "ಇದಕ್ಕೆ ಎರಡೇ ಎಂಜಿನ್ನಾ? ಸಮುದ್ರದ ಮೇಲೆ ಒಂದು ಕೈ ಕೊಟ್ಟರೆ?" ನಾಲ್ಕು ಎಂಜಿನ್ ಇದ್ದರೆ ಧೈರ್ಯ ಅನ್ನೋದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ಸರಿಯಲ್ಲ ಅಂತ ನನ್ನ ವಾದ.

ಹಿಂದೆ ಸರ್ಕಾರಗಳ ಲೆಕ್ಕವೂ ಅದೇ ಇತ್ತು. 1953ರ ಅಮೆರಿಕದ ನಿಯಮದಂತೆ, ಎರಡು ಎಂಜಿನ್ ವಿಮಾನ ಯಾವಾಗಲೂ ಒಂದು ನಿಲ್ದಾಣಕ್ಕೆ 60 ನಿಮಿಷದ ಒಳಗೇ ಇರಬೇಕಿತ್ತು. ಪಿಸ್ಟನ್ ಎಂಜಿನ್ ಕಾಲ ಅದು, ಕೆಡುವುದು ಮಾಮೂಲಿ. ಜೆಟ್ ಎಂಜಿನ್‌ಗಳು ನಂಬಿಕೆ ಗಳಿಸಿದ ಮೇಲೆ, 1985ರಲ್ಲಿ ಅದನ್ನು 120 ನಿಮಿಷಕ್ಕೆ, 1988ರಲ್ಲಿ 180ಕ್ಕೆ ಏರಿಸಿದರು. ಎರಡು ಎಂಜಿನ್ ವಿಮಾನ ನಿಲ್ದಾಣದಿಂದ ಇಷ್ಟು ದೂರ ಹಾರಲು ಬಿಡುವ ಈ ನಿಯಮಗಳ ಹೆಸರೇ ಈಟಾಪ್ಸ್. ಈ ನಿಮಿಷಗಳನ್ನು ಎಣಿಸುವುದು ಒಂದೇ ಎಂಜಿನ್‌ನಲ್ಲಿ ಹೋಗುವ ವೇಗದಲ್ಲಿ, ಗಾಳಿ ಬೀಸುತ್ತಿಲ್ಲ ಅಂದುಕೊಂಡು. 180 ಬೇಕಾದರೆ ಆ ವಿಮಾನ-ಎಂಜಿನ್ ಜೋಡಿಯಲ್ಲಿ ಹಾರಾಟದಲ್ಲಿ ಎಂಜಿನ್ ನಿಲ್ಲುವುದು ಸುಮಾರು 50,000 ಗಂಟೆಗೆ ಒಂದು ಸಲಕ್ಕಿಂತ ಜಾಸ್ತಿ ಇರಬಾರದು.

ಸರಿ, ಒಂದು ನಿಲ್ಲುವುದು ಅಪರೂಪ. ಎರಡೂ ಒಟ್ಟಿಗೆ ನಿಲ್ಲುವುದು ಇನ್ನೂ ಅಪರೂಪ, ಅಲ್ವಾ? ಹೌದು, ಆದರೆ ಎರಡಕ್ಕೂ ಕಾರಣ ಬೇರೆ ಬೇರೆ ಆಗಿದ್ದರೆ ಮಾತ್ರ.

1983ರ ಮೇ 5. ಈಸ್ಟರ್ನ್ ಏರ್‌ಲೈನ್ಸ್‌ನ ಮೂರು ಎಂಜಿನ್ ವಿಮಾನ, ಲಾಕ್‌ಹೀಡ್ ಟ್ರೈಸ್ಟಾರ್, 172 ಜನರನ್ನು ಹೊತ್ತು ಮಯಾಮಿಯಿಂದ ಬಹಾಮಾಸ್‌ನ ನಸ್ಸೌಗೆ ಹೊರಟಿತು. ಹಿಂದಿನ ರಾತ್ರಿ ಮೆಕ್ಯಾನಿಕ್‌ಗಳು ಮೂರೂ ಎಂಜಿನ್‌ಗಳ ಚಿಪ್ ಡಿಟೆಕ್ಟರ್ ಬದಲಿಸಿದ್ದರು. ಆಯಿಲ್‌ನಲ್ಲಿ ಲೋಹದ ಚೂರು ಬಂದರೆ ಹಿಡಿಯುವ ಸಣ್ಣ ಅಯಸ್ಕಾಂತದ ಬಿರಡೆ ಅದು. ದಿನವೂ ಅದು ಆಯಿಲ್ ಸೋರದಂತೆ ತಡೆಯುವ ರಬ್ಬರ್ ರಿಂಗ್ ಹಾಕಿಯೇ ಕೈಗೆ ಸಿಗುತ್ತಿತ್ತು. ಅವತ್ತು ಸಿಕ್ಕಿದ್ದರಲ್ಲಿ ರಿಂಗ್ ಇರಲಿಲ್ಲ, ಯಾರೂ ನೋಡಲಿಲ್ಲ.

ಹಾರುತ್ತಿದ್ದಂತೆ ಮೂರರಿಂದಲೂ ಆಯಿಲ್ ಸೋರಿತು. ಮೊದಲು ಬಾಲದ ಎಂಜಿನ್‌ನಲ್ಲಿ ಆಯಿಲ್ ಒತ್ತಡ ಇಳಿಯಿತು. ಪೈಲಟ್‌ಗಳು ಅದನ್ನು ನಿಲ್ಲಿಸಿ ಮಯಾಮಿ ಕಡೆ ತಿರುಗಿಸಿದರು. ಆಮೇಲೆ ಮೂರಕ್ಕೂ ಆಯಿಲ್ ಎಷ್ಟಿದೆ ಅನ್ನುವ ಮುಳ್ಳು ಸೊನ್ನೆ ತೋರಿಸಿದಾಗ, ಮೀಟರೇ ಕೆಟ್ಟಿರಬೇಕು ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು ಬಿಡಿ. ಉಳಿದೆರಡೂ ನಿಂತವು. ವಿಮಾನ ಎಂಜಿನ್ ಇಲ್ಲದೆ ಸುಮಾರು 4,000 ಅಡಿವರೆಗೆ ಇಳಿಯಿತು. ಆಗ ಮೊದಲು ನಿಲ್ಲಿಸಿದ್ದ ಬಾಲದ ಎಂಜಿನ್ ಮತ್ತೆ ಹತ್ತಿಕೊಂಡು, ಅದೊಂದರಲ್ಲೇ ಮಯಾಮಿಯಲ್ಲಿ ಇಳಿದರು. ಎಲ್ಲರೂ ಬದುಕಿದರು.

ಮೂರು ಎಂಜಿನ್ ಇತ್ತು ದೊಡ್ಡಮ್ಮಾ, ಏನು ಉಪಯೋಗಕ್ಕೆ ಬಂತು?

ಈಟಾಪ್ಸ್‌ನ ನಿಜವಾದ ಕೆಲಸ ನಡೆಯುವುದು ಸಮುದ್ರದ ಮೇಲಲ್ಲ, ಹ್ಯಾಂಗರ್‌ನಲ್ಲಿ. ಒಂದೇ ಮೆಕ್ಯಾನಿಕ್, ಒಂದೇ ಸಲ ವಿಮಾನ ನಿಂತಾಗ, ಎರಡೂ ಎಂಜಿನ್‌ಗಳ ಅದೇ ಭಾಗ ಮುಟ್ಟಬಾರದು. ಬೇರೆ ದಾರಿಯೇ ಇಲ್ಲದಿದ್ದರೆ, ಅರ್ಹತೆ ಇರುವ ಇನ್ನೊಬ್ಬರು ಬಂದು ಆ ಕೆಲಸ ಪರೀಕ್ಷಿಸಬೇಕು. ಆಮೇಲೇ ವಿಮಾನ ದೂರ ಸಮುದ್ರಕ್ಕೆ ಹೊರಡಬಹುದು.