ಮುಟ್ಟಿನ ಕಪ್ ಇಟ್ಟರೂ ಗಂಟೆ ನೋಡಲೇಬೇಕು

"ಟಾಕ್ಸಿಕ್ ಶಾಕ್ ಬರೋದು ಟ್ಯಾಂಪನ್‌ನಿಂದ ಮಾತ್ರ. ಕಪ್ ಸಿಲಿಕೋನ್ ಅಲ್ವಾ, ಇಡೀ ದಿನ ಬಿಟ್ಟರೂ ಏನೂ ಆಗಲ್ಲ."

ಇದು ತಪ್ಪು. ಕಪ್ ಬಳಸಿದವರಲ್ಲೂ ಈ ಕಾಯಿಲೆ ಬಂದದ್ದು ದಾಖಲಾಗಿದೆ. ತೀರಾ ಅಪರೂಪ, ನಿಜ. ಆದರೆ ಬಂದರೆ ಜೀವಕ್ಕೇ ಅಪಾಯ.

ಕಾರಣ ಹತ್ತಿಯೂ ಅಲ್ಲ, ಸಿಲಿಕೋನೂ ಅಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ. ಅದು ಕೆಲವರ ಯೋನಿಯಲ್ಲಿ ಸುಮ್ನೆ ಇರುತ್ತದೆ. ಒಳಗೆ ಗಾಳಿ, ರಕ್ತ, ಸಮಯ ಮೂರೂ ಸಿಕ್ಕರೆ ಬೆಳೆಯುತ್ತದೆ. ಕಪ್‌ನಲ್ಲೂ ಅದು ಬೆಳೆದು ವಿಷ ಬಿಡುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ಲಿಯಾನ್‌ನ ಪ್ರಯೋಗಾಲಯದಲ್ಲಿ ಕಂಡುಬಂತು. ನೀರಲ್ಲಿ ತೊಳೆದರೂ ಅದರ ಪದರ ಅಂಟಿಕೊಂಡೇ ಇತ್ತು. ಅದಕ್ಕೇ ಕಪ್ ಕುದಿಸಬೇಕು.

ಟ್ಯಾಂಪನ್ 4ರಿಂದ 8 ಗಂಟೆ. ಕಪ್ ಹೆಚ್ಚೆಂದರೆ 12 ಗಂಟೆ, ಡಬ್ಬಿಯ ಮೇಲೆ ಕಡಿಮೆ ಬರೆದಿದ್ದರೆ ಅಷ್ಟೇ. ರಾತ್ರಿ 10ಕ್ಕೆ ಇಟ್ಟ ಟ್ಯಾಂಪನ್ ಬೆಳಗ್ಗೆ 6ರೊಳಗೆ ಹೊರಗೆ ಬರಬೇಕು. ಜಾಸ್ತಿ ಮಲಗುವವರು ರಾತ್ರಿ ಪ್ಯಾಡ್ ಹಾಕಿಕೊಳ್ಳಿ.

ಮುಟ್ಟಿನ ದಿನಗಳಲ್ಲಿ ದಿಢೀರ್ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಮೈ ಕಂಡರೆ ಒಳಗಿರುವುದನ್ನು ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಇದನ್ನು ಡೆಂಗಿ ಅಂದುಕೊಳ್ಳುವುದು ಸುಲಭ. ಟ್ಯಾಂಪನ್ ಅಥವಾ ಕಪ್ ಇಟ್ಟಿದ್ದೆ ಅಂತ ಡಾಕ್ಟರಿಗೆ ನೀವೇ ಹೇಳಿ.