ನನ್ನ ಮೇಜು, ಥಾಣೆಯವರ ಕ್ರೆಡಿಟ್

ಮುಂಬೈಯ ಮಾಟುಂಗಾದಲ್ಲಿ ನನ್ನದು ಹೋಟೆಲ್ ಸಾಮಾನಿನ ಅಂಗಡಿ. ಜುಲೈಯಲ್ಲಿ ಭಿವಂಡಿಯಿಂದ 2 ಲಕ್ಷ ರೂಪಾಯಿಯ ಸ್ಟೀಲ್ ಮೇಜುಗಳನ್ನು ತರಿಸಿದೆ. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 36,000. ಪೂರ್ತಿ ದುಡ್ಡು ಕೊಟ್ಟೆ. ಬಿಲ್ ಬಂತು, ಮೇಜೂ ಬಂತು. ಅದೇ ತಿಂಗಳು ಎರಡೂವರೆ ಲಕ್ಷಕ್ಕೆ ಮಾರಿ, ಗಿರಾಕಿಯಿಂದ 45,000 ಟ್ಯಾಕ್ಸ್ ತೆಗೆದುಕೊಂಡೆ. ಕೊಂಡಾಗ ಕೊಟ್ಟ 36,000 ಕಳೆದು ಉಳಿದ 9,000 ಸರ್ಕಾರಕ್ಕೆ ಕಟ್ಟಬೇಕು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅಂದರೆ ಇಷ್ಟೇ, ನಾಲ್ಕನೇ ಕ್ಲಾಸಿನ ಕಳೆಯೋ ಲೆಕ್ಕ. (ಮೇಜು ಕೊಂಡ ಉಡುಪಿ ಹೋಟೆಲಿನ ಅಣ್ಣನಿಗೆ ಈ ತಲೆನೋವೇ ಇಲ್ಲ. ಶೇ. 5 ಜಿಎಸ್‌ಟಿಯ ಹೋಟೆಲಿಗೆ ಕ್ರೆಡಿಟ್ಟೇ ಸಿಗುವುದಿಲ್ಲ. ಪುಣ್ಯವಂತ.)

ಆಗಸ್ಟ್ 14ಕ್ಕೆ ನನಗೆ ಸಿಗುವ ಕ್ರೆಡಿಟ್ಟಿನ ಪಟ್ಟಿ, ಜಿಎಸ್‌ಟಿಆರ್-2ಬಿ, ಬಂತು. ತೆರೆದು ನೋಡಿದರೆ ನನ್ನ ಮೇಜುಗಳ ಸುದ್ದಿಯೇ ಇಲ್ಲ!

ನಾನು ಏನು ಕೊಂಡೆ ಅನ್ನುವುದನ್ನು ನಾನು ಹೇಳುವಂತಿಲ್ಲ, ಮಾರಿದವನು ಹೇಳಬೇಕು. ಅವನು 11ನೇ ತಾರೀಕಿನೊಳಗೆ ತನ್ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಬರೆದದ್ದು 14ಕ್ಕೆ ನನ್ನ 2ಬಿಯಲ್ಲಿ ಕಾಣುತ್ತದೆ. ಮೊದಲು ಅಲ್ಲಿ ಕಂಡ ಕ್ರೆಡಿಟ್ಟಿಗಿಂತ ಶೇ. 5ರಷ್ಟಾದರೂ ಹೆಚ್ಚು ತೆಗೆದುಕೊಳ್ಳುವ ವಿನಾಯಿತಿ ಇತ್ತು. 2022ರ ಜನವರಿಯಿಂದ ಅದೂ ಹೋಯಿತು. ಅಲ್ಲಿ ಕಾಣದಿದ್ದರೆ ಕ್ರೆಡಿಟ್ ಇಲ್ಲ.

ವಿಚಾರಿಸಿದಾಗ ಗೊತ್ತಾಯಿತು. ಭಿವಂಡಿಯ ಅಕೌಂಟೆಂಟ್ ಹುಡುಗ ನನ್ನ ಅಂಗಡಿಯ ಹೆಸರು ಗಣೇಶ ಅಂತ ಒತ್ತಿದಾಗ ಪರದೆಯಲ್ಲಿ ಎರಡು ಗಣೇಶ ಬಂದಿವೆ. ಒಂದು ನಾನು, ಇನ್ನೊಂದು ಥಾಣೆಯದು. ಅವನು ಥಾಣೆಯ ಗಣೇಶನಿಗೆ ಕೈಮುಗಿದ. ಆ ಯಜಮಾನರ ಖಾತೆಯಲ್ಲಿ ಅವರು ಕಣ್ಣಲ್ಲೂ ನೋಡದ ಮೇಜಿನ ಬಿಲ್ ಕೂತಿದೆ. ಬೇಡ ಅಂತ ರಿಜೆಕ್ಟ್ ಮಾಡಲು ಬಟನ್ ಇದೆ. ಅವರು ಸುಮ್ನೆ ಇದ್ದರು. ಸುಮ್ನಿದ್ದರೆ ಪೋರ್ಟಲ್ ಒಪ್ಪಿಗೆ ಅಂತಲೇ ಲೆಕ್ಕ ಹಾಕುತ್ತದೆ. ಮೌನಂ ಸಮ್ಮತಿ ಲಕ್ಷಣಂ, ಅಲ್ವಾ?

ತಮಾಷೆ ಅಂದರೆ, ಟೆಂಪೋ ಹೊರಡುವಾಗ ಗೋಡೌನಿನವರು ಮಾಡಿದ ಇ-ವೇ ಬಿಲ್‌ನಲ್ಲಿ ನನ್ನದೇ ಜಿಎಸ್‌ಟಿ ನಂಬರ್ ಇತ್ತು. ಅಂದರೆ ಮೇಜು ಮಾಟುಂಗಾಕ್ಕೆ ಬಂದದ್ದು ಸರ್ಕಾರದ ಒಂದು ಕಣ್ಣಿಗೆ ಗೊತ್ತು. ಇನ್ನೊಂದು ಕಣ್ಣಿಗೆ ಅದು ಥಾಣೆಯಲ್ಲಿದೆ.

20ನೇ ತಾರೀಕು ಟ್ಯಾಕ್ಸ್ ಕಟ್ಟುವ ತಿಂಗಳ ರಿಟರ್ನ್ 3ಬಿ ತುಂಬಬೇಕು. ಕಟ್ಟದಿದ್ದರೆ ವರ್ಷಕ್ಕೆ ಶೇ. 18 ಬಡ್ಡಿ. 9,000ದ ಜಾಗದಲ್ಲಿ ಪೂರ್ತಿ 45,000 ಕಟ್ಟಿದೆ. ಅದೇ ಮೇಜುಗಳಿಗೆ 36,000 ಎರಡು ಸಲ ಹೋಯಿತು: ಒಮ್ಮೆ ಭಿವಂಡಿಗೆ, ಒಮ್ಮೆ ನೇರ ಸರ್ಕಾರಕ್ಕೆ.

ಭಿವಂಡಿಗೆ ಫೋನ್ ಹಚ್ಚಿದೆ. "ಸೇಠ್, ಮುಂದಿನ ಜಿಎಸ್‌ಟಿಆರ್-1ರಲ್ಲಿ ಸರಿ ಮಾಡ್ತೇವೆ. ಹುಡುಗ ಗಣಪತಿಗೆ ಕೊಂಕಣಕ್ಕೆ ಹೋಗಿದ್ದಾನೆ. ಗಡಿಬಿಡಿ ಯಾಕೆ? ಮುಂದಿನ ವರ್ಷ ನವೆಂಬರ್ 30ರ ತನಕ ಟೈಮ್ ಇದೆಯಲ್ಲ!"

ವಿಸರ್ಜನೆಯ ದಿನ ಬೀದಿಯಲ್ಲಿ ಎಲ್ಲರೂ "ಪುಢಚ್ಯಾ ವರ್ಷೀ ಲವಕರ್ ಯಾ", ಮುಂದಿನ ವರ್ಷ ಬೇಗ ಬಾ, ಎಂದು ಕೂಗುತ್ತಿದ್ದರು. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ. ಕಣ್ಣೆದುರು ಇದ್ದದ್ದು ಆ 36,000.