10 ಲಕ್ಷ ಸ್ಕೋರು ಸರಿ, ಇಪ್ಪತ್ತನೇ ನಿಮಿಷದಲ್ಲಿ ಎಷ್ಟು?

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಮೊಬೈಲ್ ಅಂಗಡಿಯಿಂದ ಈಗಷ್ಟೇ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಕಾಲೇಜು ಹುಡುಗನೊಬ್ಬ ಬಿಜಿಎಂಐ ಆಡೋಕೆ ಅಂತ ಎರಡು ಫೋನ್ ನೋಡ್ತಿದ್ದ. "ನೋಡಪ್ಪ, ಆನ್‌ಟುಟುನಲ್ಲಿ ಇದು 10 ಲಕ್ಷ, ಅದು 8.8 ಲಕ್ಷ. ಇನ್ನೇನು ಯೋಚನೆ?" ಅಂದರು ಅಂಗಡಿಯವರು. "ಹಂಗಾದ್ರೆ ಇದೇ ಕೊಡಿ ಅಣ್ಣ" ಅಂತ ಹುಡುಗ ದುಡ್ಡು ಎಣಿಸಿಬಿಟ್ಟ. ಆನ್‌ಟುಟು ಅಂದರೆ ಫೋನಿನ ವೇಗ ಅಳೆದು ಅಂಕ ಕೊಡೋ ಆಪ್. ಅದೇ ಪರದೆಯಲ್ಲಿ ಎರಡು ಬೆರಳು ಕೆಳಗೆ ಇದ್ದದ್ದನ್ನು ಇಬ್ಬರೂ ನೋಡಲಿಲ್ಲ.

ಅಲ್ಲಿ ಏನಿತ್ತು ಅಂದರೆ, ಆ ಮೊತ್ತ ಯಾವ ಯಾವ ಬಾಬ್ತಿನಿಂದ ಬಂತು ಅನ್ನೋ ಲೆಕ್ಕ. CPU, GPU, MEM, UX ಅಂತ ನಾಲ್ಕು ಸಾಲು. 10 ಲಕ್ಷದ ಫೋನಿನಲ್ಲಿ ಅವು ಸುಮಾರು 2.8, 2.6, 2.4, 2.2 ಲಕ್ಷ. 8.8 ಲಕ್ಷದ್ದರಲ್ಲಿ 2.6, 2.9, 1.7, 1.6. ಆಟದ ಚಿತ್ರ ಬರೆಯೋದು GPU. ಆ ಸಾಲಿನಲ್ಲಿ "ಕಡಿಮೆ" ಫೋನೇ ಮುಂದಿದೆ! ದೊಡ್ಡ ಮೊತ್ತ ಬಂದದ್ದು MEM ಮತ್ತು UX ಇಂದ. ಮೆಮೊರಿ, ಸ್ಟೋರೇಜ್ ವೇಗವಾಗಿದ್ದರೆ ಆಟ ಬೇಗ ತೆರೆದುಕೊಳ್ಳುತ್ತೆ, ಸ್ಕ್ರೋಲ್ ಮಾಡಿದರೆ ನುಣ್ಣಗೆ ಹೋಗುತ್ತೆ. ಆದರೆ ಎದುರಾಳಿ ಗುಂಡು ಹಾರಿಸೋ ಹೊತ್ತಿಗೆ ಫ್ರೇಮ್ ಬಿದ್ದು ಆಟ ತಡವರಿಸೋದನ್ನು ಆ ಅಂಕಗಳು ತಡೆಯಲ್ಲ.

ಸರಿ, GPU ಸಾಲೊಂದನ್ನೇ ನೋಡಿ ಕೊಳ್ಳೋಣವಾ? ಅದೂ ಸಾಲದು. ಆನ್‌ಟುಟು ಕೆಲವೇ ನಿಮಿಷದಲ್ಲಿ ಮುಗಿಯುತ್ತೆ, ಅಷ್ಟರಲ್ಲಿ ಫೋನ್ ಪೂರ್ತಿ ಕಾದಿರಲ್ಲ. ಬಿಜಿಎಂಐನ ಎರಾಂಗೆಲ್ ಮ್ಯಾಪ್‌ನಲ್ಲಿ ಒಂದು ಮ್ಯಾಚ್ ಕೊನೆಯವರೆಗೂ ಹೋದರೆ ಅರ್ಧ ಗಂಟೆ. ಚಿಪ್ ಕಾದಂತೆ ಫೋನ್ ತಾನೇ ಅದರ ವೇಗ ಇಳಿಸುತ್ತೆ, ಇದೇ ಥ್ರಾಟ್ಲಿಂಗ್. ಏಪ್ರಿಲ್‌ನಲ್ಲಿ ಶೀಟ್ ಹಾಕಿದ ರೂಮಿನಲ್ಲಿ ಕೂತು, ಚಾರ್ಜರ್ ಸಿಕ್ಕಿಸಿಕೊಂಡು ಆಡಿದರೆ ಇನ್ನೂ ಬೇಗ ಇಳಿಯುತ್ತೆ.

ಇದನ್ನು ಹಿಡಿಯೋಕೆ 3ಡಿಮಾರ್ಕ್ ಅನ್ನೋ ಇನ್ನೊಂದು ಪರೀಕ್ಷೆ ಆಪ್‌ನಲ್ಲಿ Wild Life Extreme Stress Test ಇದೆ. ಒಂದು ನಿಮಿಷದ ಒಂದೇ ದೃಶ್ಯವನ್ನು 20 ಸಲ ಓಡಿಸುತ್ತೆ. ಕೊನೆಯಲ್ಲಿ ಅತಿ ಹೆಚ್ಚಿನ ಸುತ್ತಿನ ಅಂಕ, ಅತಿ ಕಡಿಮೆ ಸುತ್ತಿನ ಅಂಕ, ಜೊತೆಗೆ ಎರಡನೆಯದು ಮೊದಲಿನದರ ಶೇಕಡಾ ಎಷ್ಟು ಅನ್ನೋ ಸ್ಟೆಬಿಲಿಟಿ ತೋರಿಸುತ್ತೆ. ಒಂದು ಫೋನ್ 2,000ದಿಂದ ಶುರುವಾಗಿ 1,180ಕ್ಕೆ ಬಿತ್ತು ಅನ್ನಿ, ಸ್ಟೆಬಿಲಿಟಿ 59%. ಇನ್ನೊಂದು 2,100ರಿಂದ 1,785ಕ್ಕೆ, 85%. ಮೊದಲ ನಿಮಿಷದಲ್ಲಿ ಎರಡೂ ಅಕ್ಕಪಕ್ಕ, ಮ್ಯಾಚಿನ ಕೊನೇ ಝೋನ್ ಹೊತ್ತಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಹಾಗಂತ ಶೇಕಡಾವಾರು ಒಂದನ್ನೇ ನಂಬಬೇಡಿ. 900ರಿಂದ ಶುರುವಾಗಿ 891ರಲ್ಲಿ ನಿಂತ ಫೋನಿಗೂ 99% ಬರುತ್ತೆ, ಅದು ಮೊದಲಿಂದಲೂ ನಿಧಾನ. ನೋಡಬೇಕಾದ್ದು ಅತಿ ಕಡಿಮೆ ಸುತ್ತಿನ ಅಂಕ.

"ಹೋಲಿಸೋಕೆ ಏನಾದ್ರೂ ಒಂದು ನಂಬರ್ ಬೇಕಲ್ವಾ?" ಅಂತ ಕೇಳೋರಿದ್ದಾರೆ. ಬೇಕು, ಒಪ್ಪಿದೆ. ಅದೇ ಫೋನಿನಲ್ಲಿ ಅಪ್‌ಡೇಟ್‌ಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ನೋಡೋಕೆ ಸ್ಕೋರು ಒಳ್ಳೇದೇ, ಆಪ್‌ನ ಆವೃತ್ತಿ ಒಂದೇ ಇದ್ದರೆ. ಆದರೆ ಸ್ಕೋರೇ ಆಟ ಅಂತ ತಿಳಿಯೋದು ತಪ್ಪು. 2022ರಲ್ಲಿ ಸ್ಯಾಮ್‌ಸಂಗ್‌ನ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಆಟಗಳ ವೇಗ ತಗ್ಗಿಸುತ್ತೆ, ಇಂಥ ಸ್ಕೋರು ಕೊಡೋ ಬೆಂಚ್‌ಮಾರ್ಕ್ ಆಪ್‌ಗಳನ್ನು ಮುಟ್ಟಲ್ಲ ಅಂತ ಬಯಲಾಗಿ, ಅಂಥದ್ದೇ ಆಪ್ ಆದ ಗೀಕ್‌ಬೆಂಚ್‌ನವರು ಗ್ಯಾಲಕ್ಸಿ ಎಸ್10ರಿಂದ ಎಸ್22ರವರೆಗಿನ ಫೋನ್‌ಗಳನ್ನು ತಮ್ಮ ಪಟ್ಟಿಯಿಂದಲೇ ತೆಗೆದರು. ಸ್ಕೋರು ಬಂದದ್ದು ಸುಳ್ಳಲ್ಲ, ಆಡೋವಾಗ ಆ ವೇಗ ಸಿಗ್ತಿರಲಿಲ್ಲ ಅಷ್ಟೇ. ಜೊತೆಗೆ ಬಿಜಿಎಂಐ ಯಾವ ಮಾಡೆಲ್‌ಗೆ ಸೆಕೆಂಡಿಗೆ 60, ಯಾವುದಕ್ಕೆ 90 ಫ್ರೇಮ್ ಅಂತ ತಾನೇ ತೀರ್ಮಾನ ಮಾಡುತ್ತೆ. 60ಕ್ಕೇ ಬೀಗ ಬಿದ್ದಿದ್ದರೆ ಚಿಪ್‌ನ ಉಳಿದ ಶಕ್ತಿ ಆ ಆಟಕ್ಕೆ ಕಾಣೋದೇ ಇಲ್ಲ.

ಇನ್ನೊಂದು ಮೋಸ ಹೋಗೋ ಜಾಗ, ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು. ಒಂದು ಸೆಕೆಂಡಿನಲ್ಲಿ 57 ಫ್ರೇಮ್ ತಲಾ 14 ಮಿಲಿಸೆಕೆಂಡಿಗೆ ಬಂದು, 3 ಫ್ರೇಮ್ ತಲಾ 67 ತಗೊಂಡರೆ ಒಟ್ಟು 999 ಮಿಲಿಸೆಕೆಂಡ್. ಸರಾಸರಿ 60 ಅಂತಲೇ ಬರೋದು! ಆದರೆ ಆಡೋನಿಗೆ ಆ ಒಂದು ಸೆಕೆಂಡಿನಲ್ಲಿ ಮೂರು ಸಲ ಗಕ್ಕಂತ ನಿಂತ ಹಾಗಾಗುತ್ತೆ, ಗುರಿ ತಪ್ಪೋದು ಅಲ್ಲೇ. ವಿಮರ್ಶೆ ಓದುವಾಗ ಸರಾಸರಿಯ ಪಕ್ಕ 1% ಲೋ, ಅಂದರೆ ಅತಿ ನಿಧಾನವಾದ 1% ಫ್ರೇಮ್‌ಗಳ ವೇಗ, ಕೊಟ್ಟಿದ್ದಾರಾ ನೋಡಿ. ಸರಾಸರಿ 60, ಲೋ 52 ಇದ್ದರೆ ಆಡಬಹುದು. ಲೋ 25 ಇದ್ದರೆ ಆ 60ಕ್ಕೆ ಬೆಲೆ ಇಲ್ಲ.

ಮನೆಯಲ್ಲಿ ಪರೀಕ್ಷೆ ಮಾಡೋದಾದರೆ ಬ್ಯಾಕ್ ಕವರ್ ತೆಗೆದು, ಚಾರ್ಜರ್ ಬಿಚ್ಚಿ, ಬ್ರೈಟ್‌ನೆಸ್ ಅರ್ಧಕ್ಕಿಟ್ಟು, ಫೋನಿನ ಗೇಮ್ ಮೋಡ್‌ನಲ್ಲಿರೋ ಎಫ್‌ಪಿಎಸ್ ಮೀಟರ್ ಹಾಕಿ ಅರ್ಧ ಗಂಟೆ ಆಡಿ. ಡೆವಲಪರ್ ಆಪ್ಷನ್ಸ್‌ನ Show refresh rate ಬಳಸಬೇಡಿ, ಅದು ಹೇಳೋದು ಪರದೆಯ ರಿಫ್ರೆಶ್ ರೇಟ್, ಆಟದ ಫ್ರೇಮ್ ಅಲ್ಲ. ಐದನೇ ನಿಮಿಷದ ಅಂಕಿ ಬರೆದುಕೊಳ್ಳಿ, ಇಪ್ಪತ್ತೈದನೇ ನಿಮಿಷದ್ದನ್ನೂ ಬರೆದುಕೊಳ್ಳಿ. 60 ಇದ್ದದ್ದು 40ಕ್ಕೆ ಬಂದಿದ್ದರೆ, ಫೋನಿನ ಬೆನ್ನು ಕ್ಯಾಮೆರಾ ಪಕ್ಕ ಮುಟ್ಟಿ ನೋಡಿ, ಕಾರಣ ಕೈಗೇ ಗೊತ್ತಾಗುತ್ತೆ.